ಮೂರು ಎಣ್ಣೆ, ಒಂದು ಬಾಣಲೆ: ಫೋಟೊ ನೋಡಿ ಲೀಟರ್ ಲೆಕ್ಕ ಹಾಕುವುದು

‘ಯಾವ್ದು ತರ್ಲಿ?’ ಅಂತ ಅಂಗಡಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೋಟೊದಲ್ಲಿ ಸಾಮಾನ್ಯವಾಗಿ ಬಾಟಲಿಯ ಮುಂಭಾಗ ಮಾತ್ರ ಇರುತ್ತದೆ. ದೊಡ್ಡ ಅಕ್ಷರದ ಬ್ರ್ಯಾಂಡು, ಒಂದು ಹೂವು, ಹಿಂದೆ ಟ್ಯೂಬ್‌ಲೈಟು. ಇಷ್ಟರಿಂದ ಎಣ್ಣೆ ಯಾವುದೆಂದು ಹೇಳಲಾಗದು. ಫಾರ್ಚೂನ್, ಧಾರಾದಂಥ ಒಂದೇ ಹೆಸರಿನಡಿ ಸೂರ್ಯಕಾಂತಿ, ಕಡಲೆಕಾಯಿ, ತೌಡು ಎಲ್ಲ ಎಣ್ಣೆಗಳೂ ಬರುತ್ತವೆ. ಬಣ್ಣವನ್ನೂ ನಂಬಬೇಡಿ. ಹಳದಿ ಬಲ್ಬಿನ ಕೆಳಗೆ ತಿಳಿ ಸೂರ್ಯಕಾಂತಿಯೂ ಕಡಲೆಕಾಯಿ ಎಣ್ಣೆಯ ಹಾಗೆ ಕಾಣುತ್ತದೆ.

ಬೇಕಾಗುವುದು ಇನ್ನೆರಡು ಫೋಟೊ. ಒಂದು, ಹಿಂಬದಿಯ ಲೇಬಲ್. ‘ರಿಫೈನ್ಡ್ ಸನ್‌ಫ್ಲವರ್ ಆಯಿಲ್’, ‘ರಿಫೈನ್ಡ್ ಪಾಮೋಲಿನ್’ ಎಂಬ ನಿಜವಾದ ಹೆಸರು ಅಲ್ಲಿರುತ್ತದೆ. ಬೆರಕೆ ಎಣ್ಣೆಯಾದರೆ ಯಾವುದು ಶೇಕಡಾ ಎಷ್ಟು ಎಂಬುದೂ ಇರಬೇಕು. ಮುಂದೆ ಒಂದು ಎಣ್ಣೆಯ ಚಿತ್ರ, ಹಿಂದೆ ಅದರ ಪಾಲು ಶೇ. 20 ಅಂತಿದ್ದರೆ ಅಲ್ಲಿಗೆ ಗೊತ್ತಾಯಿತು. ಎರಡನೆಯದು, ಚುಕ್ಕೆಚುಕ್ಕೆಯಾಗಿ ಮುದ್ರಿಸಿದ ಎಂಆರ್‌ಪಿ ಮತ್ತು ನಿವ್ವಳ ತೂಕ. ಬಾಟಲಿ ಉಬ್ಬಿರುವುದರಿಂದ ಫ್ಲ್ಯಾಶ್ ಹೊಡೆದರೆ ಸರಿಯಾಗಿ ಬೆಲೆಯ ಮೇಲೇ ಬಿಳಿ ಮಚ್ಚೆ ಕೂರುತ್ತದೆ. ಫ್ಲ್ಯಾಶ್ ಆರಿಸಿ, ಬಾಟಲಿಯನ್ನು ಸ್ವಲ್ಪ ಓರೆ ಮಾಡಿ ತೆಗೆಯಲು ಹೇಳಿ.

ಮೋಸ ಹೋಗುವುದು ಹೆಚ್ಚಾಗಿ ತೂಕದಲ್ಲಿ. ಅಡುಗೆ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ ತೂಗುತ್ತದೆ. ಆದರೆ ಒಂದೇ ಗಾತ್ರದಂತೆ ಕಾಣುವ ಪ್ಯಾಕೆಟ್ಟುಗಳಲ್ಲಿ ಒಂದರಲ್ಲಿ 910 ಗ್ರಾಂ, ಪಕ್ಕದ್ದರಲ್ಲಿ 800 ಗ್ರಾಂ ಇರಬಹುದು. ಮೊದಲನೆಯದು 165 ರೂಪಾಯಿ, ಎರಡನೆಯದು 148 ಅಂತಿಟ್ಟುಕೊಳ್ಳಿ. ಬೆಲೆಯನ್ನು 910ರಿಂದ ಗುಣಿಸಿ, ಪ್ಯಾಕೆಟ್ಟಿನ ಗ್ರಾಂನಿಂದ ಭಾಗಿಸಿ. 148 × 910 ÷ 800 ಅಂದರೆ ಲೀಟರಿಗೆ 168 ರೂಪಾಯಿ. ಅಗ್ಗ ಅಂದುಕೊಂಡದ್ದೇ ಮೂರು ರೂಪಾಯಿ ತುಟ್ಟಿ.

ಗಾಣದ ಎಣ್ಣೆಯಲ್ಲಿ ಇದು ತಿರುಗುಮುರುಗು. ಮೈಸೂರು, ಮಂಡ್ಯದ ಗಾಣಗಳಲ್ಲಿ ಒಬ್ಬರು ಕೆಜಿ ಲೆಕ್ಕ ಹೇಳಿದರೆ ಇನ್ನೊಬ್ಬರು ಲೀಟರ್ ಲೆಕ್ಕ ಹೇಳುತ್ತಾರೆ. ಕೆಜಿಗೆ 290, ಲೀಟರಿಗೆ 275 ಅಂದಾಗ ಎರಡನೆಯದೇ ಕಡಿಮೆ ಅನ್ನಿಸುತ್ತದೆ. ಕೆಜಿ ಬೆಲೆಯನ್ನು 0.91ರಿಂದ ಗುಣಿಸಿದರೆ ಲೀಟರ್ ಬೆಲೆ ಸಿಗುತ್ತದೆ: 264 ರೂಪಾಯಿ. ಮದುವೆ ಮನೆಗೆ ಟಿನ್ ತರುವವರು ಇದನ್ನು ಮರೆಯಲೇಬಾರದು. 15 ಕೆಜಿ ಟಿನ್ ಅಂದರೆ ಹದಿನಾರೂವರೆ ಲೀಟರ್, 15 ಲೀಟರ್ ಟಿನ್ ಅಂದರೆ ಹದಿಮೂರೂವರೆ ಕೆಜಿಗೆ ತುಸು ಮೇಲೆ.

ಇನ್ನು ಹೊಗೆಯ ಮಾತು. ಎಣ್ಣೆ ಹೊಗೆಯಾಡತೊಡಗುವ ಬಿಸಿಯೇ ಸ್ಮೋಕ್ ಪಾಯಿಂಟ್. ‘ಹೈ ಸ್ಮೋಕ್ ಪಾಯಿಂಟ್’ ಎಂದು ಬರೆದುಕೊಂಡ ಎಣ್ಣೆಗೆ ಹೆಚ್ಚು ಕೊಡಬೇಕೇ? ರಿಫೈನ್ಡ್ ಸೂರ್ಯಕಾಂತಿ, ರಿಫೈನ್ಡ್ ತೌಡಿನ ಎಣ್ಣೆ, ಗಾಣದ ಕಡಲೆಕಾಯಿ ಎಣ್ಣೆ, ಮೂರನ್ನೂ 200 ಗ್ರಾಂನಂತೆ ಒಂದೇ ಸಣ್ಣ ಬಾಣಲೆಯಲ್ಲಿ, ನಡುವೆ ತೊಳೆದು ಒಣಗಿಸಿ, ಮಧ್ಯಮ ಉರಿಯಲ್ಲಿ ಕಾಯಿಸಿ ನೋಡಿದೆವು. ಕಡ್ಡಿ ಥರ್ಮಾಮೀಟರಿನ ತುದಿ ತಳ ಮುಟ್ಟದೆ ಎಣ್ಣೆಯ ನಡುವೆ ಇರಬೇಕು, ತಳಕ್ಕೆ ತಾಗಿದರೆ ಹೆಚ್ಚು ತೋರಿಸುತ್ತದೆ. ಹಿಂದೆ ಕಪ್ಪು ಬಟ್ಟೆ ಕಟ್ಟಿ, ಪಕ್ಕದಿಂದ ಟಾರ್ಚ್ ಬಿಟ್ಟರೆ ಹೊಗೆಯ ಮೊದಲ ನೀಲಿ ಎಳೆ ಕಾಣುತ್ತದೆ. ಅದು ಬಿಡದೆ ಏಳತೊಡಗಿದಾಗ ಥರ್ಮಾಮೀಟರ್ ಓದಿಕೊಂಡು ಒಲೆ ಆರಿಸಬೇಕು. ಮುಚ್ಚಲು ತಟ್ಟೆ ಕೈಗೆ ಸಿಗುವಂತಿರಲಿ, ನೀರು ಹತ್ತಿರ ಬೇಡ.

ಸೂರ್ಯಕಾಂತಿ 225 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೊಗೆಯಾಡಿತು, ತೌಡಿನದು 230ರ ಹತ್ತಿರ. ಗಾಣದ್ದು 165ಕ್ಕೇ ಶುರು. ಕಡಲೆಕಾಯಿಯ ತಪ್ಪಲ್ಲ ಅದು. ರಿಫೈನ್ ಮಾಡುವಾಗ ಬಿಡಿ ಕೊಬ್ಬಿನಾಮ್ಲ, ಹಿಂಡಿಯ ಪುಡಿ ಎಲ್ಲ ಹೊರಹೋಗುತ್ತವೆ. ಗಾಣದ ಎಣ್ಣೆಯಲ್ಲಿ ಅವು ಉಳಿದಿರುತ್ತವೆ, ಮೊದಲು ಹೊಗೆಯಾಗುವುದೂ ಅವೇ. ರಿಫೈನ್ಡ್ ಕಡಲೆಕಾಯಿ ಎಣ್ಣೆಯೂ 230ರ ಆಸುಪಾಸಿನಲ್ಲೇ ಹೊಗೆಯಾಡುತ್ತದೆ.

ಪೂರಿ, ಬೋಂಡ, ಮದ್ದೂರು ವಡೆ ಯಾವುದಕ್ಕೂ 190 ದಾಟಬೇಕಿಲ್ಲ. ಹಾಗಾಗಿ 225ಕ್ಕೂ 230ಕ್ಕೂ, ಲೇಬಲ್ಲಿನ 250ಕ್ಕೂ ಅಡುಗೆಮನೆಯಲ್ಲಿ ವ್ಯತ್ಯಾಸವೇ ಇಲ್ಲ. ಅದಕ್ಕೆಂದು ಲೀಟರಿಗೆ ಇಪ್ಪತ್ತು ರೂಪಾಯಿ ಜಾಸ್ತಿ ಕೊಡುವುದು ದಂಡ. ಅದೂ ಅಲ್ಲದೆ ಆ ಸಂಖ್ಯೆ ಹೊಸ ಎಣ್ಣೆಯದು. ಮೂರು ಸಲ ಬೋಂಡ ಕರಿದ ಅದೇ ಸೂರ್ಯಕಾಂತಿ 200ರ ಸುಮಾರಿಗೇ ಹೊಗೆಯಾಡಿತು. ಹಿಟ್ಟಿನ ನೀರು ಬಿಸಿಯಲ್ಲಿ ಎಣ್ಣೆಯನ್ನು ಒಡೆದು ಬಿಡಿ ಆಮ್ಲ ಹುಟ್ಟಿಸುತ್ತದೆ, ಕರಕಲು ಪುಡಿ ಅದಕ್ಕೆ ಜೊತೆಯಾಗುತ್ತದೆ.

ನಮ್ಮ ಆಯ್ಕೆ ಹೀಗಿದೆ: ಕರಿಯಲು ಲೀಟರ್ ಲೆಕ್ಕದಲ್ಲಿ ಅಗ್ಗವಾದ ರಿಫೈನ್ಡ್, ಸೂರ್ಯಕಾಂತಿಯೋ ತೌಡೋ ಯಾವುದಾದರೂ ಸರಿ. ಒಗ್ಗರಣೆ, ಚಟ್ನಿಪುಡಿಗೆ ಗಾಣದ್ದು. ಅದನ್ನು ತಂದ ದಿನವೇ ಬಳಸದೆ ಎರಡು ದಿನ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಬಸಿದುಕೊಳ್ಳಿ. ತಳದ ಗಸಿ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವ ಮೊದಲೇ ಕರಕಲಾಗುತ್ತದೆ.