ರೆಂಕೊ ಇಟ್ಟಿಗೆಯೋ, ಹೈಕಿನ್ ಆಶಿಯೋ? ಒಂದೇ ಷೇರಿನ ಮೇಲೆ ಎರಡನ್ನೂ ಇಟ್ಟು ನೋಡಿದೆ

ಮಾಮೂಲಿ ಕ್ಯಾಂಡಲ್ ಚಾರ್ಟ್ ನೋಡಿ ನೋಡಿ ಸಾಕಾಗಿತ್ತು. ಒಂದು ದಿನ ಹಸಿರು, ಮರುದಿನ ಕೆಂಪು, ಮತ್ತೆ ಹಸಿರು. ಷೇರು ಮೇಲೆ ಹೋಗುತ್ತಿದ್ದರೂ ನಡುವೆ ಬರುವ ಒಂದು ಕೆಂಪು ಕ್ಯಾಂಡಲ್‌ಗೆ ಹೆದರಿ ಮಾರಿಬಿಡುತ್ತಿದ್ದೆ. ಈ ಗದ್ದಲ ಕಡಿಮೆ ಮಾಡಲು ರೆಂಕೊ, ಹೈಕಿನ್ ಆಶಿ ಅನ್ನುವ ಎರಡು ಬಗೆಯ ಚಾರ್ಟ್ ಇವೆ ಅಂತ ಗೊತ್ತಿತ್ತು. ಹಾಗಾಗಿ ಮೈಸೂರಿನ ಮನೆಯಲ್ಲಿ ಕೂತು, ಮೂರು ತಿಂಗಳು ಒಂದೇ ಷೇರಿನ ದಿನದ ಚಾರ್ಟನ್ನು ಎರಡೂ ರೀತಿಯಲ್ಲಿ ಹಾಕಿ, ಪ್ರತಿ ಸಂಜೆ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಪಕ್ಕದಲ್ಲಿ ಅಸಲಿ ಬೆಲೆಯನ್ನೂ ಬರೆದೆ. ಉಪಯೋಗಕ್ಕೆ ಬಂದದ್ದು ಆ ಪಕ್ಕದ ಕಾಲಂ.

ಮೊದಲು ಎರಡೂ ಹೇಗೆ ಕಟ್ಟಿಕೊಳ್ಳುತ್ತವೆ ಅಂತ ನೋಡೋಣ. ರೆಂಕೊದಲ್ಲಿ ಇಟ್ಟಿಗೆಯ ಅಳತೆ ನಾವು ಕೊಡಬೇಕು. ನಾನು 10 ರೂಪಾಯಿ ಇಟ್ಟೆ. ದಿನದ ಕ್ಲೋಸ್ ಕೊನೆಯ ಹಸಿರು ಇಟ್ಟಿಗೆಯ ತುದಿಯಿಂದ 10 ರೂಪಾಯಿ ಮೇಲೆ ಹೋದರೆ ಇನ್ನೊಂದು ಹಸಿರು ಇಟ್ಟಿಗೆ. ಹೋಗದಿದ್ದರೆ ಏನೂ ಇಲ್ಲ. ದಿಕ್ಕು ತಿರುಗಬೇಕಾದರೆ ಕೊನೆಯ ಇಟ್ಟಿಗೆಯ ತುದಿಯಿಂದ ಎರಡು ಇಟ್ಟಿಗೆಯಷ್ಟು, ಅಂದರೆ 20 ರೂಪಾಯಿ, ವಾಪಸ್ ಬರಬೇಕು. ಸಣ್ಣ ಅಲ್ಲಾಟ ಕಾಣದೆ ಹೋಗುವುದು ಇದರಿಂದಲೇ.

ಹೈಕಿನ್ ಆಶಿ ಸರಾಸರಿಯ ಕ್ಯಾಂಡಲ್. ಜಪಾನಿ ಭಾಷೆಯಲ್ಲಿ ಹೈಕಿನ್ ಅಂದರೆ ಸರಾಸರಿ. ಲೆಕ್ಕ ಇಷ್ಟೇ:

```
HA Close = (Open + High + Low + Close) / 4
HA Open  = (ಹಿಂದಿನ HA Open + ಹಿಂದಿನ HA Close) / 2
```

ಎರಡನೇ ಸಾಲನ್ನು ಇನ್ನೊಮ್ಮೆ ಓದಿ. ಪ್ರತಿ ಕ್ಯಾಂಡಲ್‌ನ ಓಪನ್, ಹಿಂದಿನ ಕ್ಯಾಂಡಲ್ ದೇಹದ ನಟ್ಟನಡುವೆ ಬಂದು ಕೂರುತ್ತದೆ. ಆ ದಿನ ಬೆಳಿಗ್ಗೆ 9:15ಕ್ಕೆ ಪೇಟೆ ಎಲ್ಲಿ ತೆರೆಯಿತು ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಅಂದಮೇಲೆ ಹಿಂದಿನ ದಿನದ ಬೆಲೆಯಿಂದ ಮರುದಿನದ ಬೆಲೆಗೆ ಷೇರು ಒಮ್ಮೆಲೇ ಜಿಗಿದಾಗ ನಡುವೆ ಉಳಿಯುವ ಗ್ಯಾಪ್ ಈ ಚಾರ್ಟಿನಲ್ಲಿ ಕಾಣಿಸುವುದು ಸಾಧ್ಯವೇ ಇಲ್ಲ.

ಮೊದಲ ಆರು ವಾರ ಎರಡೂ ಚೆನ್ನಾಗಿಯೇ ನಡೆದವು. ಏರುವಾಗ ಹೈಕಿನ್ ಆಶಿಯಲ್ಲಿ ಕೆಳಗಡೆ ಬತ್ತಿಯಿಲ್ಲದ ಹಸಿರು ಕ್ಯಾಂಡಲ್‌ಗಳು ಸಾಲಾಗಿ ಬಂದವು. ಕೈ ಮಾರುವ ಬಟನ್ ಕಡೆ ಹೋಗಲೇ ಇಲ್ಲ. ರೆಂಕೊ ಇನ್ನೂ ಶಾಂತ. ಆಮೇಲೆ ಬಂತು ತ್ರೈಮಾಸಿಕ ಫಲಿತಾಂಶದ ವಾರ.

ಬುಧವಾರ ಷೇರು 522ಕ್ಕೆ ತೆರೆದು, 529 ಮುಟ್ಟಿ, 518ಕ್ಕೆ ಇಳಿದು, 527ಕ್ಕೆ ಮುಗಿಯಿತು. ಪೇಟೆ ಮುಚ್ಚಿದ ಮೇಲೆ ಫಲಿತಾಂಶ ಬಂತು. ಗುರುವಾರ ತೆರೆದದ್ದೇ 488ಕ್ಕೆ. ಆ ದಿನದ ಗರಿಷ್ಠ 494, ಕನಿಷ್ಠ 479, ಕ್ಲೋಸ್ 483. ಅಂದರೆ ಬುಧವಾರದ 518ಕ್ಕೂ ಗುರುವಾರದ 494ಕ್ಕೂ ನಡುವೆ ಒಂದೇ ಒಂದು ಷೇರೂ ಕೈ ಬದಲಾಗಿಲ್ಲ.

ಈಗ ಎರಡು ಚಾರ್ಟುಗಳು ಏನು ತೋರಿಸಿದವು ನೋಡಿ. ಬುಧವಾರದ ಹೈಕಿನ್ ಆಶಿ ದೇಹ 512.56ರಿಂದ 524. ಹಾಗಾಗಿ ಗುರುವಾರದ ಓಪನ್ 518.28 ಅಂತ ಬಂತು. ಕ್ಲೋಸ್ 486. ನೋಡುವವರಿಗೆ ಬೆಳಿಗ್ಗೆ 518ಕ್ಕೆ ತೆರೆದು, ದಿನವಿಡೀ ನಿಧಾನಕ್ಕೆ ಇಳಿದ ಹಾಗೆ ಕಾಣುತ್ತದೆ. ಅಸಲಿಗೆ ಆ ದಿನ 494ರ ಮೇಲೆ ಬೆಲೆಯೇ ಇರಲಿಲ್ಲ.

ರೆಂಕೊದಲ್ಲಿ ಕೊನೆಯ ಹಸಿರು ಇಟ್ಟಿಗೆ 510ರಿಂದ 520. ಗುರುವಾರ ಸಂಜೆ ಎರಡು ಕೆಂಪು ಇಟ್ಟಿಗೆ ಬಿದ್ದವು: 510ರಿಂದ 500, 500ರಿಂದ 490. ಅಂದವಾಗಿ, ಒಂದರ ಕೆಳಗೆ ಒಂದು. ಮೊದಲನೆಯ ಇಟ್ಟಿಗೆ ಇರುವ ಜಾಗದಲ್ಲಿ ಆ ದಿನ ವ್ಯಾಪಾರವೇ ನಡೆದಿಲ್ಲ.

ಇದು ಯಾಕೆ ಮುಖ್ಯ ಅಂದರೆ, ನನ್ನ ಸ್ಟಾಪ್‌ಲಾಸ್ 510ಕ್ಕಿತ್ತು. 100 ಷೇರು. ಬೆಳಿಗ್ಗೆ ಅದು ಮಾರಾಟವಾದದ್ದು 488ಕ್ಕೆ. ಲೆಕ್ಕ ಹಾಕಿದ್ದಕ್ಕಿಂತ 2,200 ರೂಪಾಯಿ ಜಾಸ್ತಿ ಹೋಯಿತು. ಆ ನಷ್ಟಕ್ಕಿಂತ ನನಗೆ ಚಿಂತೆಯಾದದ್ದು ಬೇರೆ. ಆರು ತಿಂಗಳ ನಂತರ ಯಾರಾದರೂ ಈ ರೆಂಕೊ ಚಾರ್ಟ್ ನೋಡಿದರೆ, 510ರ ಸ್ಟಾಪ್‌ಲಾಸ್ 510ರಲ್ಲೇ ಕೆಲಸ ಮಾಡಿರುತ್ತೆ ಅಂತ ನಂಬುತ್ತಾರೆ. ಇಟ್ಟಿಗೆ ಅಲ್ಲೇ ಇದೆ ಅಲ್ವಾ! ಬ್ಯಾಕ್‌ಟೆಸ್ಟ್ ಕೂಡ ಚಾರ್ಟಿನ ಬೆಲೆಯನ್ನೇ ನಂಬಿದರೆ ಹಾಗೇ ಲೆಕ್ಕ ಕೊಡುತ್ತದೆ.

ಶುಕ್ರವಾರ ಇನ್ನೂ ವಿಚಿತ್ರ. ಷೇರು 485ಕ್ಕೆ ತೆರೆದು, 484ರಿಂದ 507ರವರೆಗೆ ಓಡಾಡಿ, 505ಕ್ಕೆ ಮುಗಿಯಿತು. ಒಂದೇ ದಿನಕ್ಕೆ 22 ರೂಪಾಯಿ ಏರಿಕೆ. ಹೈಕಿನ್ ಆಶಿ ಕೆಂಪು ಕ್ಯಾಂಡಲ್ ತೋರಿಸಿತು, 502.14ರಿಂದ 495.25. ರೆಂಕೊ ಏನನ್ನೂ ತೋರಿಸಲಿಲ್ಲ. ಮೇಲಕ್ಕೆ ತಿರುಗಲು 510 ಬೇಕಿತ್ತು.

ಮಂಡ್ಯದ ಹತ್ತಿರ ಆಲೆಮನೆ ಇರುವ ನಮ್ಮ ಭಾವನಿಗೆ ಇದನ್ನೆಲ್ಲ ತೋರಿಸಿದೆ. ಅವರೂ ಷೇರು ನೋಡುತ್ತಾರೆ. ರೆಂಕೊ ನೋಡಿದ ತಕ್ಷಣ, "ಇದು ಅಚ್ಚು ಬೆಲ್ಲ ಕಣಯ್ಯ. ಎಲ್ಲಾ ಒಂದೇ ಅಳತೆ. ಹಾಲು ಎಷ್ಟೊತ್ತು ಕುದೀತು ಅಂತ ಅಚ್ಚು ನೋಡಿ ಹೇಳಕ್ಕಾಗುತ್ತಾ?" ಅಂದರು. ಸರಿಯಾಗಿ ಹಿಡಿದರು. ರೆಂಕೊ ಮುಚ್ಚಿಡುವ ದೊಡ್ಡ ವಿಷಯ ಹೊತ್ತು. ಆ ವಾರದ ನಂತರ ಹದಿಮೂರು ದಿನ ಷೇರಿನ ಕ್ಲೋಸ್ 483 ಮತ್ತು 508ರ ನಡುವೆಯೇ ಇತ್ತು. ರೆಂಕೊದಲ್ಲಿ ಒಂದು ಇಟ್ಟಿಗೆಯೂ ಇಲ್ಲ. ಷೇರು ಇಟ್ಟುಕೊಂಡವರಿಗೆ ಅದು ನೆಮ್ಮದಿ. ಆಪ್ಷನ್ ಕೊಂಡವರಿಗೆ ಹಾಗಲ್ಲ. ಅವರ ಪ್ರೀಮಿಯಂ ದಿನದಿನಕ್ಕೂ ಕರಗುತ್ತಿರುತ್ತದೆ, ಚಾರ್ಟ್ ಮಾತ್ರ ಏನೂ ಆಗಿಲ್ಲ ಅನ್ನುತ್ತದೆ.

ಇನ್ನೊಂದು ತೊಂದರೆ ಮೊದಲ ವಾರವೇ ಸಿಕ್ಕಿತ್ತು. ಆಗ ಇಟ್ಟಿಗೆಯ ಅಳತೆಯನ್ನು 14 ದಿನದ ಎಟಿಆರ್‌ಗೆ, ಅಂದರೆ ದಿನದ ಸರಾಸರಿ ಓಡಾಟಕ್ಕೆ, ಬಿಟ್ಟಿದ್ದೆ. ಸೋಮವಾರ ಬರೆದಿಟ್ಟ ಇಟ್ಟಿಗೆಗಳು ಗುರುವಾರ ಚಾರ್ಟ್ ತೆರೆದಾಗ ಬೇರೆ ಜಾಗದಲ್ಲಿದ್ದವು. ಎಟಿಆರ್ ಬದಲಾದಾಗ ಹಳೆಯ ಇಟ್ಟಿಗೆಗಳೂ ಹೊಸ ಅಳತೆಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತವೆ. ಆಮೇಲೆ 10 ರೂಪಾಯಿಗೆ ಗಟ್ಟಿ ಮಾಡಿದೆ. ದಿನದ ಸರಾಸರಿ ಓಡಾಟ ಸುಮಾರು 11 ಇತ್ತು, ಅದರ ಹತ್ತಿರದ ಅಳತೆ ಸರಿಹೋಯಿತು. ರೆಂಕೊ ಬಳಸುವವರು ಇದನ್ನು ಮೊದಲ ದಿನವೇ ಮಾಡಲಿ.

ಎರಡರಲ್ಲಿ ಒಂದನ್ನು ಆರಿಸಿ ಅಂದರೆ ನಾನು ಹೈಕಿನ್ ಆಶಿ ಆರಿಸುತ್ತೇನೆ. ಅದು ಬೆಲೆಯನ್ನು ತಪ್ಪು ಹೇಳಿದರೂ ದಿನವನ್ನು ಬಿಡುವುದಿಲ್ಲ. ದಿನಕ್ಕೊಂದು ಕ್ಯಾಂಡಲ್ ಇದ್ದೇ ಇರುತ್ತದೆ, ಅದರ ಕೆಳಗೆ ವಾಲ್ಯೂಮ್ ಹಾಕಬಹುದು, ಮಾಮೂಲಿ ಚಾರ್ಟ್ ಜೊತೆ ತಾಳೆ ನೋಡಬಹುದು. ಟ್ರೇಡಿಂಗ್‌ವ್ಯೂನಲ್ಲಿ ಸ್ಟ್ರಾಟೆಜಿ ಬರೆಯುವವರು ಈ ಒಂದು ಮಾತು ಸೇರಿಸಿದರೆ, ಹೈಕಿನ್ ಆಶಿ ಚಾರ್ಟಿನ ಮೇಲೂ ವ್ಯಾಪಾರದ ಲೆಕ್ಕ ಅಸಲಿ ಬೆಲೆಯಲ್ಲೇ ಬರುತ್ತದೆ:

```
strategy("HA test", fill_orders_on_standard_ohlc=true)
```

ಈಗ ನನ್ನ ಪರದೆಯಲ್ಲಿ ಮೇಲೆ ಹೈಕಿನ್ ಆಶಿ, ಕೆಳಗೆ ಮಾಮೂಲಿ ಕ್ಯಾಂಡಲ್. ಷೇರನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದನ್ನು ಮೇಲಿನದು ನೋಡಿ ಯೋಚಿಸುತ್ತೇನೆ. ಆರ್ಡರ್, ಸ್ಟಾಪ್‌ಲಾಸ್ ಎಲ್ಲಾ ಕೆಳಗಿನ ಬೆಲೆಯಲ್ಲಿ. ಫಲಿತಾಂಶದ ಹಿಂದಿನ ದಿನ ಅರ್ಧ ಷೇರು ಮಾರುತ್ತೇನೆ, ಏಕೆಂದರೆ ಗ್ಯಾಪ್ ಬಿದ್ದರೆ ಸ್ಟಾಪ್‌ಲಾಸ್ ಹೇಳಿದ ಬೆಲೆಗೆ ನಿಲ್ಲುವುದಿಲ್ಲ. ಭಾವ ಮಾತ್ರ ರೆಂಕೊ ಬಿಟ್ಟಿಲ್ಲ. ಪ್ರತಿ ಇಟ್ಟಿಗೆ ಬಿದ್ದಾಗ ಅದರ ತಾರೀಖು, ಹಿಂದಿನ ಇಟ್ಟಿಗೆಯಿಂದ ಎಷ್ಟು ದಿನ ತೆಗೆದುಕೊಂಡಿತು, ಆ ದಿನ ಎಷ್ಟಕ್ಕೆ ತೆರೆದಿತ್ತು ಅಂತ ಆಲೆಮನೆಯ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದಾರೆ.