ಲೋವರ್ ಬೌಂಡ್ ಇರುವ ಫ್ಲೋ: ಮೂರು ದಾರಿ ಹಿಡಿದು ನೋಡಿದೆ

ಟ್ಯಾಂಕರ್ ಅರ್ಧಂಬರ್ಧ ತುಂಬಿಸಿ ಓಡಿಸಬಾರದು ಅನ್ನೋ ಒಂದೇ ನಿಯಮಕ್ಕೆ ನನ್ನ ಮ್ಯಾಕ್ಸ್ ಫ್ಲೋ ಕೋಡ್ ಮಕಾಡೆ ಮಲಗಿತು. ಒಂದು ಸಣ್ಣ ಡೇರಿಯವರಿಗೆ ಹಾಲು ಸಾಗಿಸುವ ಲೆಕ್ಕ ಮಾಡಿಕೊಡ್ತಿದ್ದೆ. ಯಾವ ದಾರಿಯಲ್ಲಿ ಹೆಚ್ಚೆಂದರೆ ಎಷ್ಟು ಹೋಗಬಹುದು ಅನ್ನೋದಷ್ಟೇ ಇದ್ದಾಗ ಡಿನಿಕ್ ಅಲ್ಗಾರಿದಮ್ ಹಾಕಿ ಆರಾಮಾಗಿದ್ದೆ. ಆಮೇಲೆ ಅವರು "ಈ ದಾರಿಯಲ್ಲಿ ಕಡಿಮೆ ಅಂದರೂ 3 ಸಾವಿರ ಲೀಟರ್ ಹೋಗಲೇಬೇಕು" ಅಂದರು. ಮಾಮೂಲಿ ಮ್ಯಾಕ್ಸ್ ಫ್ಲೋ ಸೊನ್ನೆಯಿಂದ ಶುರುವಾಗಿ ಏರುತ್ತಾ ಹೋಗುತ್ತೆ. ಇಲ್ಲಿ ಆ ಸೊನ್ನೆಯೇ ತಪ್ಪು ಉತ್ತರ. ಶುರು ಮಾಡೋಕೇ ಜಾಗ ಇಲ್ಲ.

ಇದನ್ನು ಮಾಮೂಲಿ ಫ್ಲೋಗೆ ಇಳಿಸೋಕೆ ಮೂರು ದಾರಿ ಹಿಡಿದು ನೋಡಿದೆ. ನಿಜವಾದ ಜಾಲ ದೊಡ್ಡದು, ಅದು ಬೇಡ. ನಾನು ಪರೀಕ್ಷೆಗೆ ಅಂತ ಕೈಯಲ್ಲೇ ಬರೆದುಕೊಂಡಿದ್ದ ಪುಟ್ಟ ಜಾಲವನ್ನೇ ಇಟ್ಟುಕೊಂಡು ಹೇಳ್ತೀನಿ. ಎಲ್ಲ ಅಂಕಿಯೂ ಸಾವಿರ ಲೀಟರ್‌ನಲ್ಲಿ.

ಮೇಲಿನೂರಿನಲ್ಲಿ 7 ಹಾಲು ಇದೆ, ಕೆಳಗಿನೂರಿನಲ್ಲಿ 5. ಡೇರಿಗೆ 12 ಬೇಕು. ನಡುವೆ ಒಂದು ಚಿಲ್ಲಿಂಗ್ ಸೆಂಟರ್, ಅದರದ್ದು ಅಂತ ಹಾಲೂ ಇಲ್ಲ, ಬೇಡಿಕೆಯೂ ಇಲ್ಲ. ಮೇಲಿನೂರಿಂದ ಸೆಂಟರ್‌ಗೆ ಕನಿಷ್ಠ 3, ಗರಿಷ್ಠ 6. ಮೇಲಿನೂರಿಂದ ನೇರ ಡೇರಿಗೆ 0ಯಿಂದ 4. ಕೆಳಗಿನೂರಿಂದ ಸೆಂಟರ್‌ಗೆ 2ರಿಂದ 5. ಸೆಂಟರ್‌ನಿಂದ ಡೇರಿಗೆ 4ರಿಂದ 8.

ಮೂರರಲ್ಲಿ ಎರಡು ದಾರಿಗೆ ಒಂದೇ ಉಪಾಯ. ಕನಿಷ್ಠ ಎಷ್ಟಿದೆಯೋ ಅಷ್ಟನ್ನು ಕಣ್ಣುಮುಚ್ಚಿ ಎಡ್ಜ್ ಮೇಲೆ ಹರಿಸಿಬಿಡಿ. ಆ ಎಡ್ಜ್‌ನಲ್ಲಿ ಇನ್ನು ಉಳಿದ ಜಾಗ ಗರಿಷ್ಠದಿಂದ ಕನಿಷ್ಠ ಕಳೆದಷ್ಟು. ಹೀಗೆ ಬಲವಂತವಾಗಿ ಹರಿಸಿದಾಗ ಕೆಲವು ನೋಡ್‌ಗಳಲ್ಲಿ ಬಂದದ್ದಕ್ಕೂ ಹೋದದ್ದಕ್ಕೂ ತಾಳೆ ತಪ್ಪುತ್ತೆ, ಅಲ್ವಾ? ಆ ತಪ್ಪಿದ ಲೆಕ್ಕವನ್ನು ಒಂದು ಸೂಪರ್ ಸೋರ್ಸ್, ಒಂದು ಸೂಪರ್ ಸಿಂಕ್ ಇಟ್ಟು ತೀರಿಸಬೇಕು. ನೋಡ್‌ನಲ್ಲಿ ಮೊದಲೇ ಇದ್ದ ಹಾಲು ಮತ್ತು ಬೇಡಿಕೆಯೂ ಇದೇ ಖಾತೆಗೆ ಸೇರುತ್ತೆ, ಅದಕ್ಕೆ ಬೇರೆ ಉಪಾಯ ಬೇಕಿಲ್ಲ. ಖಾತೆ ಹೇಗೆ ಬರೀತೀರಿ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

ಮೊದಲ ದಾರಿ, ಎಡ್ಜ್‌ಗೊಂದು ಖಾತೆ. ಮೇಲಿನೂರಿಂದ ಸೆಂಟರ್‌ಗೆ 3 ಹರಿಸಿದೆವಾ? ಹಾಗಾದರೆ ಸೂಪರ್ ಸೋರ್ಸ್‌ನಿಂದ ಸೆಂಟರ್‌ಗೆ 3ರ ಎಡ್ಜ್, ಮೇಲಿನೂರಿಂದ ಸೂಪರ್ ಸಿಂಕ್‌ಗೆ 3ರ ಎಡ್ಜ್. ಕನಿಷ್ಠ ಇರುವ ಪ್ರತಿ ಎಡ್ಜ್‌ಗೂ ಹೀಗೆ ಎರಡು. ಇಲ್ಲಿ ಅಂಥವು ಮೂರು, ಅಂದರೆ 6 ಎಡ್ಜ್. ಎರಡು ಊರಿನ ಹಾಲಿಗೆ ಮತ್ತು ಡೇರಿಯ ಬೇಡಿಕೆಗೆ ಇನ್ನು 3. ಒಟ್ಟು 9. ಸೂಪರ್ ಸೋರ್ಸ್‌ನಿಂದ ಹೊರಡಬೇಕಾದ್ದು 7+5+3+2+4, ಅಂದರೆ 21. ಮ್ಯಾಕ್ಸ್ ಫ್ಲೋ 21 ಬಂದರೆ ಯೋಜನೆ ಸಾಧ್ಯ, ಒಂದು ಕಡಿಮೆಯಾದರೂ ಅಸಾಧ್ಯ.

ಇದು ಬರೆಯೋಕೆ ಸುಲಭ, ತಲೆ ಓಡಿಸೋದೇ ಬೇಡ. ಆದರೆ ಆ 21ರಲ್ಲಿ 13 ಸುಮ್ನೆ ತಿರುಗಾಟ. ಸೂಪರ್ ಸೋರ್ಸ್‌ನಿಂದ ಸೆಂಟರ್‌ಗೆ ಬಂದ 5ರಲ್ಲಿ 4 ಅಲ್ಲಿಂದಲೇ ಸೂಪರ್ ಸಿಂಕ್‌ಗೆ ಹೋಗುತ್ತೆ, ಯಾವ ನಿಜವಾದ ದಾರಿಯನ್ನೂ ಮುಟ್ಟಲ್ಲ. ಹಾಗೇ ಮೇಲಿನೂರಲ್ಲಿ 3, ಕೆಳಗಿನೂರಲ್ಲಿ 2, ಡೇರಿಯಲ್ಲಿ 4. ಒಂದು ಜೇಬಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿದ ಹಾಗೆ.

ಎರಡನೇ ದಾರಿ, ನೋಡ್‌ಗೊಂದು ಖಾತೆ. ಪ್ರತಿ ನೋಡ್‌ನಲ್ಲಿ ಅದರ ಸ್ವಂತ ಹಾಲು, ಅದಕ್ಕೆ ಒಳಬರುವ ಕನಿಷ್ಠಗಳನ್ನು ಕೂಡಿಸಿ, ಹೊರಹೋಗುವ ಕನಿಷ್ಠಗಳನ್ನು ಕಳೆದು, ಉಳಿದದ್ದನ್ನು ಮಾತ್ರ ನೋಡಿ. ಮೇಲಿನೂರು 7ರಲ್ಲಿ 3 ಹೋಗಿ 4. ಕೆಳಗಿನೂರು 5ರಲ್ಲಿ 2 ಹೋಗಿ 3. ಸೆಂಟರ್‌ಗೆ 3 ಮತ್ತು 2 ಬಂತು, 4 ಹೋಯ್ತು, ಉಳಿದದ್ದು 1. ಡೇರಿಗೆ 12 ಬೇಕಿತ್ತು, 4 ಬಂತು, ಇನ್ನೂ 8 ಬೇಕು. ಉಳಿಕೆ ಇರುವ ನೋಡ್‌ಗೆ ಸೂಪರ್ ಸೋರ್ಸ್‌ನಿಂದ ಎಡ್ಜ್, ಕೊರತೆ ಇರುವ ನೋಡ್‌ನಿಂದ ಸೂಪರ್ ಸಿಂಕ್‌ಗೆ ಎಡ್ಜ್. ಬರೀ 4 ಎಡ್ಜ್, ಗುರಿ 8.

```cpp
void add(int u, int v, long long lo, long long hi) {
  id.push_back(g.add_edge(u, v, hi - lo));
  low.push_back(lo);
  ex[v] += lo;
  ex[u] -= lo;
}
```

`ex` ಅನ್ನು ಶುರುವಿನಲ್ಲಿ ನೋಡ್‌ನ ಹಾಲು ಅಥವಾ ಬೇಡಿಕೆಯಿಂದ ತುಂಬಿ, ಬೇಡಿಕೆಯಾದರೆ ಮೈನಸ್. ಎಲ್ಲ `ex` ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ ಫ್ಲೋ ಓಡಿಸೋದೇ ದಂಡ, ಹಾಲು ಮತ್ತು ಬೇಡಿಕೆ ಮೊದಲೇ ತಾಳೆ ಆಗ್ತಿಲ್ಲ ಅಂತ ಅರ್ಥ. ನಮ್ಮ ಜಾಲದಲ್ಲಿ 4+3+1−8, ಸೊನ್ನೆ. ಓಡಿಸಿದರೆ ಮೇಲಿನೂರಿನ 4 ನೇರ ಡೇರಿಗೆ, ಕೆಳಗಿನೂರಿನ 3 ಸೆಂಟರ್‌ಗೆ, ಸೆಂಟರ್‌ನಿಂದ 4 ಡೇರಿಗೆ. ಒಟ್ಟು 8, ಭರ್ತಿ.

ಇಲ್ಲಿ ಒಂದು ದಡ್ಡತನ ಮಾಡಿದ್ದೆ. ಉತ್ತರ ಬರೆಯುವಾಗ `lo` ಮತ್ತೆ ಕೂಡಿಸೋದು ಮರೆತೆ. ಮೇಲಿನೂರಿಂದ ಸೆಂಟರ್‌ಗೆ 0 ಅಂತ ಬಂತು, "ಕನಿಷ್ಠ 3 ಅಂದಿದ್ವಲ್ಲ ಸಾರ್" ಅಂತ ಡೇರಿಯವರು ಕೇಳಿದರು. ನಿಜವಾದ ಉತ್ತರ ಕ್ರಮವಾಗಿ 3, 4, 5, 8.

ಹಾಗಾದರೆ ಮೊದಲನೇ ದಾರಿ ಯಾರಿಗೂ ಬೇಡವಾ? ಒಂದು ಸಂದರ್ಭದಲ್ಲಿ ಬೇಕು. ಕನಿಷ್ಠಗಳನ್ನು ಒಂದೊಂದಾಗಿ ಏರಿಸುತ್ತಾ ಮತ್ತೆ ಮತ್ತೆ ಓಡಿಸುವಾಗ, ನೋಡ್‌ನ ಖಾತೆ ಉಳಿಕೆಯಿಂದ ಕೊರತೆಗೆ ತಿರುಗಬಹುದು. ಆಗ ಎಡ್ಜ್ ಸೋರ್ಸ್ ಕಡೆಯಿಂದ ಸಿಂಕ್ ಕಡೆಗೆ ಹಾರಬೇಕು, ಹಳೇ ಫ್ಲೋ ಹಾಗೇ ಉಳಿಸಿಕೊಳ್ಳೋದು ಕಿರಿಕಿರಿ. ಎಡ್ಜ್‌ಗೊಂದು ಖಾತೆ ಇದ್ದರೆ ಆ ಎರಡು ಖಾತೆ ಎಡ್ಜ್‌ಗಳ ಕೆಪ್ಯಾಸಿಟಿ ಹೆಚ್ಚಿಸಿ, ಮೂಲ ಎಡ್ಜ್‌ನದ್ದು ಅಷ್ಟೇ ಇಳಿಸಿದರೆ ಆಯ್ತು, ಯಾವ ಎಡ್ಜೂ ಹಾರಬೇಕಿಲ್ಲ. ಉಳಿದಂತೆ, ಕನಿಷ್ಠ ಇರುವ ಎಡ್ಜ್ 1200, ನೋಡ್ 90 ಇದ್ದರೆ 2400 ಹೆಚ್ಚುವರಿ ಎಡ್ಜ್ ಒಂದು ಕಡೆ, ಹೆಚ್ಚೆಂದರೆ 90 ಇನ್ನೊಂದು ಕಡೆ. ನಾನು ಎರಡನೆಯದನ್ನೇ ಇಟ್ಟುಕೊಂಡೆ.

ಈಗ ಅಸಲಿ ತಲೆನೋವು. ಉತ್ತರ "ಸಾಧ್ಯವಿಲ್ಲ" ಅಂತ ಬಂದರೆ? ಮೇಲಿನೂರಿಂದ ಸೆಂಟರ್‌ಗೆ ಕನಿಷ್ಠ 3ರ ಬದಲು 4 ಮಾಡಿ ನೋಡಿ. ಮೇಲಿನೂರಿನ ಖಾತೆ 3 ಆಗುತ್ತೆ, ಸೆಂಟರ್‌ದು 2, ಗುರಿ 8 ಹಾಗೇ. ಓಡಿಸಿದರೆ 7ಕ್ಕೇ ನಿಲ್ಲುತ್ತೆ. ಮೊದಲ ಸಲ ಇದನ್ನು ನೋಡಿದಾಗ ಮೇಲಿನೂರು–ಡೇರಿ ದಾರಿಯಲ್ಲಿ 4ರ ಜಾಗಕ್ಕೆ 3 ಮಾತ್ರ ಹೋಗಿದೆ, ಇನ್ನೂ ಜಾಗ ಇದೆಯಲ್ಲ ಅಂತ ನನ್ನ ಡಿನಿಕ್ ಕೋಡ್‌ನಲ್ಲೇ ತಪ್ಪು ಹುಡುಕ್ತಾ ಒಂದು ಸಂಜೆ ಕಳೆದೆ. ಕೋಡ್ ಸರಿಯಾಗೇ ಇತ್ತು.

ನೋಡಬೇಕಾದ್ದು ಖಾಲಿ ಜಾಗವನ್ನಲ್ಲ, ಕಟ್ ಅನ್ನು. ಫ್ಲೋ ಮುಗಿದ ಮೇಲೆ ಉಳಿದ ಕೆಪ್ಯಾಸಿಟಿಯ ಜಾಲದಲ್ಲಿ ಸೂಪರ್ ಸೋರ್ಸ್‌ನಿಂದ ಎಲ್ಲೆಲ್ಲಿಗೆ ತಲುಪಬಹುದು ಅಂತ ಒಂದು ಬಿಎಫ್‌ಎಸ್ ಹಾಕಿ. ಇಲ್ಲಿ ತಲುಪೋದು ಸೆಂಟರ್ ಮತ್ತು ಕೆಳಗಿನೂರಿಗೆ ಮಾತ್ರ. ಈ ಎರಡನ್ನು ಒಂದು ಬೇಲಿಯೊಳಗೆ ಹಾಕಿ ಲೆಕ್ಕ ಹಾಕಿ. ಒಳಗೆ ಕೆಳಗಿನೂರಿನ 5 ಇದೆ, ಹೊರಗಿಂದ ಕಡ್ಡಾಯವಾಗಿ 4 ಬರ್ತಿದೆ, ಒಟ್ಟು 9. ಬೇಲಿಯಿಂದ ಹೊರಗೆ ಹೋಗೋದು ಸೆಂಟರ್–ಡೇರಿ ದಾರಿ ಒಂದೇ, ಅದರ ಗರಿಷ್ಠ 8. ಒಂದು ಸಾವಿರ ಲೀಟರ್ ಒಳಗೇ ಸಿಕ್ಕಿಕೊಂಡಿದೆ. ಇದೇ ಹಾಫ್‌ಮನ್ 1960ರಲ್ಲಿ ಕೊಟ್ಟ ಷರತ್ತು: ಇಂಥ ಒಂದೂ ಬೇಲಿ ಇಲ್ಲದಿದ್ದರೆ ಯೋಜನೆ ಖಂಡಿತ ಸಾಧ್ಯ. ಡೇರಿಯವರಿಗೆ "ಫ್ಲೋ 7 ಬಂತು" ಅಂದರೆ ಏನೂ ಅರ್ಥವಾಗಲ್ಲ. "ಸೆಂಟರ್‌ಗೆ 9 ಬರುತ್ತೆ, ಅಲ್ಲಿಂದ 8 ಮಾತ್ರ ಹೋಗುತ್ತೆ" ಅಂದರೆ ತಕ್ಷಣ ತಲೆಯಾಡಿಸ್ತಾರೆ.

ಮೂರನೇ ದಾರಿ ಮಿನ್ ಕಾಸ್ಟ್ ಫ್ಲೋ. ಕನಿಷ್ಠ ಇರುವ ಎಡ್ಜ್ ಅನ್ನು ಎರಡಾಗಿ ಸೀಳಿ. ಒಂದರ ಕೆಪ್ಯಾಸಿಟಿ ಕನಿಷ್ಠದಷ್ಟು, ಬೆಲೆ −1. ಇನ್ನೊಂದರದ್ದು ಉಳಿದಷ್ಟು, ಬೆಲೆ 0. ಊರುಗಳ ಹಾಲು ಪೂರ್ತಿ ಡೇರಿಗೆ ತಲುಪಬೇಕು ಅನ್ನೋದು ಹಾಗೇ ಇರಲಿ. ಮೊದಲ ಜಾಲದಲ್ಲಿ ಕನಿಷ್ಠಗಳ ಮೊತ್ತ 3+2+4, ಹಾಗಾಗಿ ಬೆಲೆ −9 ಬಂದರೆ ಎಲ್ಲ ಕನಿಷ್ಠವೂ ತುಂಬಿದೆ. ಬರೀ ಸಾಧ್ಯವಾ ಅಂತ ಕೇಳೋಕೆ ಇದು ಅತಿಯಾಯ್ತು, ನಿಧಾನ ಕೂಡ. ಜಾಲದಲ್ಲಿ ಸುತ್ತಿ ಬರುವ ದಾರಿ ಇದ್ದರೆ ಮೈನಸ್ ಬೆಲೆಯ ಚಕ್ರ ಹುಟ್ಟುತ್ತೆ, ಆಗ ಅಗ್ಗದ ದಾರಿ ಹುಡುಕುತ್ತಾ ಹೋಗುವ ಸಾಮಾನ್ಯ ಕೋಡ್ ಕೈಕೊಡುತ್ತೆ. ದಾರಿಗಳಿಗೆ ನಿಜವಾದ ಬಾಡಿಗೆ ಇದ್ದರೆ −1 ಸಾಲಲ್ಲ, ಬಾಡಿಗೆಯನ್ನೆಲ್ಲ ಮೀರಿಸುವಷ್ಟು ದೊಡ್ಡ ಸಂಖ್ಯೆ ಹಾಕಬೇಕು.

ಆದರೂ ಇದನ್ನು ಬಿಸಾಡಲಿಲ್ಲ. ಕನಿಷ್ಠ 4 ಮಾಡಿದ ಅಸಾಧ್ಯ ಜಾಲದಲ್ಲಿ ಇದು −10ರ ಬದಲು −9 ಕೊಡುತ್ತೆ, ಜೊತೆಗೆ ಓಡಿಸಬಹುದಾದ ಯೋಜನೆಯನ್ನೂ ಕೊಡುತ್ತೆ: ಮೇಲಿನೂರಿಂದ ಸೆಂಟರ್‌ಗೆ 3 ಕಳಿಸಿ, ಒಂದು ಸಾವಿರ ಕಡಿಮೆ ಅಷ್ಟೆ. ಮೊದಲೆರಡು ದಾರಿಯಲ್ಲಿ ಫ್ಲೋ ಸೋತರೆ ಸಿಗೋದು ಸೆಂಟರ್‌ನಲ್ಲೋ ಕೆಳಗಿನೂರಲ್ಲೋ ತಾಳೆ ತಪ್ಪಿದ ಅರ್ಧ ಉತ್ತರ, ಅದನ್ನು ಯಾರಿಗೂ ಕೊಡೋಕಾಗಲ್ಲ. ಹಾಗಾಗಿ ನಾನೀಗ ಎರಡನೇ ದಾರಿಯಲ್ಲಿ ಪರೀಕ್ಷೆ ಮಾಡ್ತೀನಿ, ಸೋತರೆ ಮಾತ್ರ ಮೂರನೆಯದನ್ನು ಓಡಿಸ್ತೀನಿ.

ಕೊನೇದಾಗಿ, ಹಾಲು ಇಷ್ಟೇ ಅಂತ ನಿಗದಿ ಇಲ್ಲದೆ "ಹೆಚ್ಚೆಂದರೆ ಎಷ್ಟು ಸಾಗಿಸಬಹುದು" ಅಂತ ಕೇಳಿದರೆ. ಒಂದು ಸೋರ್ಸ್‌ನಿಂದ ಮೇಲಿನೂರಿಗೆ 9ರವರೆಗೆ, ಕೆಳಗಿನೂರಿಗೆ 5ರವರೆಗೆ ಅನ್ನಿ. ಡೇರಿಯಿಂದ ಸಿಂಕ್‌ಗೆ, ಸಿಂಕ್‌ನಿಂದ ಮತ್ತೆ ಸೋರ್ಸ್‌ಗೆ ಮಿತಿಯಿಲ್ಲದ ಎಡ್ಜ್ ಹಾಕಿ ಮೊದಲು ಸಾಧ್ಯವಾ ನೋಡಬೇಕು. ಕನಿಷ್ಠ ಮತ್ತೆ 3ಕ್ಕೆ ಇಳಿಸಿ ಓಡಿಸಿದರೆ ಆ ವಾಪಸ್ ಎಡ್ಜ್ ಮೇಲೆ 5 ಹರಿದಿರುತ್ತೆ. ಆಮೇಲೆ ಸೋರ್ಸ್‌ನಿಂದ ಸಿಂಕ್‌ಗೆ ಇನ್ನೊಂದು ಮ್ಯಾಕ್ಸ್ ಫ್ಲೋ. ವಾಪಸ್ ಎಡ್ಜ್ ಕಿತ್ತುಹಾಕಿದರೆ 7 ಬರುತ್ತೆ, ಅದಕ್ಕೆ 5 ಕೂಡಿಸಿ 12 ಅನ್ನಬೇಕು. ಕೀಳದೇ ಬಿಟ್ಟರೆ ಅದರ ಮೇಲಿದ್ದ 5 ಹಿಂದಕ್ಕೆ ಹರಿದು ಲೆಕ್ಕಕ್ಕೆ ಸೇರಿ ನೇರವಾಗಿ 12 ಬರುತ್ತೆ. ಎರಡೂ ಸರಿ. ನಾನು ಕೀಳದೇ ಬಿಟ್ಟು, ಮೇಲೆ 5 ಕೂಡಿಸಿ, 17 ಅಂತ ಕಳಿಸಿದ್ದೆ. ಡೇರಿಗೆ ಹೋಗುವ ಎರಡು ದಾರಿಯ ಗರಿಷ್ಠ ಸೇರಿದರೆ 8+4, ಅಂದರೆ 12 ಅನ್ನೋದನ್ನು ಬೆರಳಲ್ಲಿ ಎಣಿಸಿದ್ದರೂ ಗೊತ್ತಾಗ್ತಿತ್ತು. ಈಗ ಕಿತ್ತೇ ಹಾಕ್ತೀನಿ, 7 ಮತ್ತು 5 ಬೇರೆ ಬೇರೆ ಕಣ್ಣಿಗೆ ಕಾಣಲಿ ಅಂತ.