ದಿನಾ ಜೇಷ್ಠಮಧು ಪುಡಿ ತಿನ್ನುವವರು ಒಮ್ಮೆ ಬಿಪಿ ನೋಡಿಸಿ

ನಮ್ಮ ದೊಡ್ಡಪ್ಪನಿಗೆ ಬಿಪಿ ಹಳೇದು, ಆದರೆ ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಈ ಸಲ ಚಳಿಗಾಲದಲ್ಲಿ ಅದು 180/100 ದಾಟಿತು. ಜೊತೆಗೆ ಕಾಲು ಸೋಲೋದು, ಮೆಟ್ಟಿಲು ಹತ್ತೋಕಾಗದೆ ಕಂಬಿ ಹಿಡಿದು ನಿಲ್ಲೋದು. ಒಂದು ಕ್ಲಿನಿಕ್‌ನಲ್ಲಿ ಏನೂ ಕೇಳದೆ ಬಿಪಿ ಮಾತ್ರೆ ಜಾಸ್ತಿ ಮಾಡಿ ಕಳಿಸಿದರು. ಜಾಸ್ತಿ ಮಾಡಿದ್ದು ಮೂತ್ರ ಹೆಚ್ಚಿಸುವ ಮಾತ್ರೆ. ಸುಸ್ತು ಇನ್ನೂ ಹೆಚ್ಚಾಯಿತು.

ಆಮೇಲೆ ಕಿಡ್ನಿ ಡಾಕ್ಟರ ಹತ್ತಿರ ಹೋದೆವು. ರಕ್ತದಲ್ಲಿ ಪೊಟ್ಯಾಶಿಯಂ 2.6 ಇತ್ತು, ಇರಬೇಕಾದ್ದು 3.5ರ ಮೇಲೆ. ಬಿಪಿ ಜಾಸ್ತಿ, ಪೊಟ್ಯಾಶಿಯಂ ಕಡಿಮೆ ಅಂದರೆ, ಕಿಡ್ನಿಗೆ ಉಪ್ಪು ಹಿಡಿದಿಟ್ಟು ಪೊಟ್ಯಾಶಿಯಂ ಹೊರಹಾಕು ಅನ್ನೋ ಆಲ್ಡೋಸ್ಟಿರಾನ್ ಹಾರ್ಮೋನ್ ಹೆಚ್ಚಾಗಿದೆಯಾ ಅಂತ ಮೊದಲ ಅನುಮಾನ. ಪರೀಕ್ಷೆ ಮಾಡಿಸಿದರೆ ಆಲ್ಡೋಸ್ಟಿರಾನ್ ತೀರಾ ಕಡಿಮೆ, ಅದನ್ನು ಹೆಚ್ಚಿಸೋಕೆ ಕಿಡ್ನಿ ಬಿಡುವ ರೆನಿನ್ ಕೂಡ ಕಡಿಮೆ. ರಿಪೋರ್ಟ್ ನೋಡಿದ ಡಾಕ್ಟರು ಕೇಳಿದ್ದು ಒಂದೇ: "ಯಜಮಾನ್ರೇ, ಮನೆಮದ್ದು ಏನಾದ್ರೂ ತಗೊಳ್ತಿದ್ದೀರಾ?"

"ಸುಮ್ನೆ ಗಂಟಲಿಗೆ ಅಂತ ಜೇಷ್ಠಮಧು ಪುಡಿ, ಜೇನುತುಪ್ಪದಲ್ಲಿ. ಅಷ್ಟೇ ಸಾರ್."

ಅಲ್ಲಿತ್ತು ಮೂಲ. ಕಾರ್ಟಿಸಾಲ್ ಅನ್ನೋ ಹಾರ್ಮೋನ್ ನಮ್ಮ ರಕ್ತದಲ್ಲಿ ಆಲ್ಡೋಸ್ಟಿರಾನ್‌ಗಿಂತ ನೂರಾರು ಪಟ್ಟು ಜಾಸ್ತಿ ಇರುತ್ತದೆ. ಆಲ್ಡೋಸ್ಟಿರಾನ್‌ನ ಬೀಗಕ್ಕೆ ಇದರ ಕೀಲಿಯೂ ಸಲೀಸಾಗಿ ಕೂರುತ್ತದೆ. ಹಾಗಾಗದಂತೆ ಕಿಡ್ನಿಯ ಜೀವಕೋಶದೊಳಗೆ ಒಂದು ಕಿಣ್ವ ಇದೆ, ಅದು ಕಾರ್ಟಿಸಾಲನ್ನು ಕಾರ್ಟಿಸೋನ್ ಮಾಡಿ ನಿಷ್ಕ್ರಿಯಗೊಳಿಸುತ್ತದೆ. ಜೇಷ್ಠಮಧುವಿನ ಸಿಹಿಗೆ ಕಾರಣವಾದ ಗ್ಲೈಸಿರೈಜಿನ್ ಕರುಳಿನ ಬ್ಯಾಕ್ಟೀರಿಯಾಗಳಿಂದ ಒಡೆದು ಗ್ಲೈಸಿರೆಟಿನಿಕ್ ಆಮ್ಲ ಆಗುತ್ತದೆ. ಈ ಆಮ್ಲ ಅದೇ ಕಿಣ್ವವನ್ನು ತಡೆದುಬಿಡುತ್ತದೆ. ಆಗ ಕಾರ್ಟಿಸಾಲ್ ನೇರವಾಗಿ ಹೋಗಿ ಆಲ್ಡೋಸ್ಟಿರಾನ್ ಕೆಲಸ ಶುರು ಮಾಡುತ್ತದೆ: ಕಿಡ್ನಿ ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಶಿಯಂ ಮೂತ್ರದಲ್ಲಿ ಹೋಗುತ್ತದೆ. ಉಪ್ಪು ತುಂಬಿದ್ದನ್ನು ಕಂಡು ದೇಹ ರೆನಿನ್, ಆಲ್ಡೋಸ್ಟಿರಾನ್ ಎರಡನ್ನೂ ಇಳಿಸುತ್ತದೆ. ರಿಪೋರ್ಟ್ ಹಾಗೆ ಬಂದದ್ದು ಇದಕ್ಕೇ. ಮೂತ್ರ ಹೆಚ್ಚಿಸುವ ಮಾತ್ರೆಯೂ ಪೊಟ್ಯಾಶಿಯಂ ಕಳೆಯುವಂಥದ್ದೇ, ಹಾಗಾಗಿ ಎರಡೂ ಸೇರಿ ಅವರನ್ನು ಮಲಗಿಸಿದವು.

ಎಷ್ಟು ತಿಂದರೆ ಹೀಗೆ? ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ಗ್ಲೈಸಿರೈಜಿನ್ ಮೀರಬೇಡಿ ಅಂತಾರೆ. ಒಂದು ಟೀ ಚಮಚ ಪುಡಿ 3 ಗ್ರಾಂ, ಅದರಲ್ಲಿ ನೂರಕ್ಕೆ 4 ಪಾಲು ಅಂತ ಹಿಡಿದರೂ 120 ಆಯ್ತಲ್ವಾ! ಬೇರಿನಿಂದ ಬೇರಿಗೆ ಪ್ರಮಾಣ ಬೇರೆ, ಪೊಟ್ಟಣದ ಮೇಲೆ ಯಾರೂ ಬರೆಯಲ್ಲ. ದೊಡ್ಡಪ್ಪ ದಿನಕ್ಕೆ ಎರಡು ಚಮಚ ತಿಂತಿದ್ದರು, ತಿಂಗಳುಗಟ್ಟಲೆ. ಎರಡು ದಿನ ಗಂಟಲು ಕೆರೆತಕ್ಕೆ ಒಂದು ಕಡ್ಡಿ ಜಗಿಯೋದಕ್ಕೂ ಇದಕ್ಕೂ ಹೋಲಿಕೆ ಇಲ್ಲ.

ಪುಡಿ ಬಿಡಿಸಿ, ಪೊಟ್ಯಾಶಿಯಂ ಕೊಟ್ಟರು. ಆದರೂ ಬಿಪಿ ಮರುದಿನವೇ ಇಳಿಯಲಿಲ್ಲ, ಕಿಣ್ವ ಸುಧಾರಿಸೋಕೆ ವಾರಗಳೇ ಬೇಕಾಯಿತು. ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ದಿನನಿತ್ಯ ಇದರ ತಂಟೆಗೆ ಹೋಗಬೇಡಿ. ಈಗಾಗಲೇ ತಿನ್ನುತ್ತಿದ್ದು ಕಾಲು ಸೋತರೆ, ಎದೆ ಬಡಿತ ಏರುಪೇರಾದರೆ, ಅವತ್ತೇ ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿ. ಯಾವ ಪುಡಿ, ದಿನಕ್ಕೆ ಎಷ್ಟು ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ.